ಒಂದೇ ಮಾಲು, ಹಲವು ಆನ್‌ಲೈನ್ ಪೇಟೆ: ಇಲ್ಲದ ಸೀರೆ ಮಾರದಂತೆ ಸ್ಟಾಕ್ ಲೆಕ್ಕ ಹೊಂದಿಸುವ ಕ್ರಮ

ಒಂದೇ ಸೀರೆಯನ್ನು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಮೂರರಲ್ಲೂ ಮಾರಾಟಕ್ಕೆ ಹಾಕಿದರೆ ಅದು ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ. ಆದರೆ ಈ ಮೂರು ತಾಣಗಳಿಗೆ ಪರಸ್ಪರ ಸಂಪರ್ಕವಿಲ್ಲ. ಅಮೆಜಾನ್‌ನಲ್ಲಿ ಕೊನೆಯ ಸೀರೆ ಮಾರಾಟವಾದ ಸಂಗತಿ ಮೀಶೋಗೆ ತಾನಾಗಿ ತಿಳಿಯುವುದಿಲ್ಲ. ಮಾರುವವರು ತಿಳಿಸುವವರೆಗೆ ಅದು ಆ ಸೀರೆಗೆ ಆರ್ಡರ್ ತೆಗೆದುಕೊಳ್ಳುತ್ತಲೇ ಇರುತ್ತದೆ. ಹೀಗೆ ಕಪಾಟಿನಲ್ಲಿ ಇಲ್ಲದ ಮಾಲಿಗೆ ಹಣ ಪಡೆದಂತಾಗುತ್ತದೆ.

ಬೆಟಗೇರಿಯಂಥ ಕೈಮಗ್ಗದ ಊರಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಕಾರ್ಖಾನೆಯ ಮಾಲಾದರೆ ಸಗಟು ಅಂಗಡಿಯಿಂದ ಮರುದಿನವೇ ಅಂಥದ್ದೇ ಇನ್ನೊಂದನ್ನು ತಂದು ಕಳಿಸಬಹುದು. ಕೈಮಗ್ಗದ ಸೀರೆಗೆ ಆ ದಾರಿಯಿಲ್ಲ. ಮಗ್ಗದಿಂದ ಒಂದು ಸೀರೆ ಇಳಿಯಲು ದಿನಗಳೇ ಬೇಕು. ನೂಲಿಗೆ ಬಣ್ಣ ಹಾಕಿದ ಬ್ಯಾಚ್ ಬದಲಾದರೆ ಅದೇ ಬಣ್ಣ ಮತ್ತೆ ಕೂಡಿಬರುವುದೂ ಖಚಿತವಲ್ಲ. ಆರ್ಡರ್ ರದ್ದು ಮಾಡುವುದೊಂದೇ ಉಳಿಯುತ್ತದೆ. ಮಾರುವವರೇ ರದ್ದು ಮಾಡಿದ ಆರ್ಡರ್‌ಗಳು ಏಳು ದಿನಗಳ ಒಟ್ಟು ಆರ್ಡರ್‌ಗಳಲ್ಲಿ ಶೇ. 2.5ಕ್ಕಿಂತ ಕಡಿಮೆ ಇರಬೇಕು ಎಂಬುದು ಅಮೆಜಾನ್‌ನ ಮಾನದಂಡ. ವಾರಕ್ಕೆ 20 ಆರ್ಡರ್ ಬರುವ ಅಂಗಡಿಯಲ್ಲಿ ಒಂದೇ ಒಂದು ರದ್ದಾದರೂ ಅದು ಶೇ. 5. ವ್ಯಾಪಾರ ಚಿಕ್ಕದಾದಷ್ಟೂ ಒಂದು ತಪ್ಪಿನ ಭಾರ ಹೆಚ್ಚು.

ತಪ್ಪು ಹುಟ್ಟುವುದು ಎಲ್ಲಿ

ತಾಣದಲ್ಲಿ ಕಾಣುವ ಸಂಖ್ಯೆ ನಿಜವಾದ ಸ್ಟಾಕ್ ಅಲ್ಲ. ಇಷ್ಟು ಕೊಡುತ್ತೇವೆ ಎಂದು ಮಾರುವವರು ಕೊಟ್ಟ ಮಾತು ಅದು. ಕಪಾಟಿನಲ್ಲಿ 5 ಸೀರೆಯಿದ್ದು ಮೂರು ತಾಣಗಳಲ್ಲೂ 5 ಎಂದು ತೋರಿಸಿದರೆ, 5 ಸೀರೆಗೆ 15 ಜನರಿಗೆ ಮಾತು ಕೊಟ್ಟಂತೆ. ಒಂದು ತಾಣದಲ್ಲಿ ಮಾರಾಟವಾದ ಕೂಡಲೇ ಉಳಿದ ತಾಣಗಳ ಸಂಖ್ಯೆ ಇಳಿದರೆ ತೊಂದರೆಯಿಲ್ಲ. ಆದರೆ ಮಾರಾಟಕ್ಕೂ ಆ ಇಳಿಕೆಗೂ ನಡುವೆ ಯಾವಾಗಲೂ ಒಂದಿಷ್ಟು ಸಮಯ ಹಿಡಿಯುತ್ತದೆ. ಕೈಯಿಂದ ಲೆಕ್ಕ ಹೊಂದಿಸುವವರಿಗೆ ಅದು ಕೆಲವು ಗಂಟೆ, ಸಾಫ್ಟ್‌ವೇರ್ ಬಳಸುವವರಿಗೆ ಕೆಲವು ನಿಮಿಷ. ಈ ಅಂತರದಲ್ಲಿ ಬರುವ ಆರ್ಡರ್‌ಗಳೇ ಇಲ್ಲದ ಮಾಲನ್ನು ಮಾರುವಂತೆ ಮಾಡುತ್ತವೆ.

ಇದನ್ನು ತಡೆಯಲು ಎರಡು ಕೆಲಸ ಆಗಬೇಕು. ಒಂದು, ನಿಜವಾದ ಸಂಖ್ಯೆ ಒಂದೇ ಕಡೆ ಇರಬೇಕು. ತಾಣಗಳ ಸಂಖ್ಯೆಯೆಲ್ಲ ಅಲ್ಲಿಂದಲೇ ಹೊರಡಬೇಕು. ಎರಡು, ಅಂತರವನ್ನು ಸೊನ್ನೆ ಮಾಡಲಾಗದ ಕಾರಣ ಆ ಅವಧಿಯಲ್ಲಿ ಬರಬಹುದಾದ ಆರ್ಡರ್‌ಗಳಿಗಾಗಿ ಒಂದಿಷ್ಟು ಮಾಲನ್ನು ತೋರಿಸದೆ ಮೀಸಲಿಡಬೇಕು. ಮುಂದಿನ ಹಂತಗಳೆಲ್ಲ ಈ ಎರಡರ ವಿವರ.

ಹಂತ ಹಂತವಾಗಿ ವ್ಯವಸ್ಥೆ

1. ಪ್ರತಿ ಬಗೆಯ ಮಾಲಿಗೆ ಒಂದೇ ಗುರುತು. ಪ್ರತಿ ವಿನ್ಯಾಸ ಮತ್ತು ಬಣ್ಣಕ್ಕೆ ಒಂದು ಎಸ್‌ಕೆಯು ಕೋಡ್ ಕೊಟ್ಟು, ಅದನ್ನೇ ಮೂರೂ ತಾಣಗಳಲ್ಲಿ ಅಕ್ಷರ ತಪ್ಪದಂತೆ ನಮೂದಿಸಬೇಕು. ಬೆಟಗೇರಿಯ ಅರೆರೇಷ್ಮೆ ಸೀರೆಯ ಏಳನೆಯ ವಿನ್ಯಾಸ, ಮರೂನ್ ಬಣ್ಣ ಎಂದಿದ್ದರೆ `BTG-AR-07-MRN` ಎಂಬಂಥ ಕೋಡ್ ಸಾಕು. ತಾಣಗಳು ತಮ್ಮದೇ ಬೇರೆ ಸಂಖ್ಯೆಯನ್ನೂ ಕೊಡುತ್ತವೆ. ಲೆಕ್ಕಕ್ಕೆ ಅದು ಆಧಾರವಾಗಬಾರದು, ಏಕೆಂದರೆ ಒಂದು ತಾಣದ ಸಂಖ್ಯೆ ಇನ್ನೊಂದರಲ್ಲಿ ಇರುವುದಿಲ್ಲ. ಬಣ್ಣದ ಬ್ಯಾಚ್ ಬದಲಾಗಿ ಸೀರೆ ಫೋಟೋಕ್ಕಿಂತ ಬೇರೆಯಾಗಿ ಕಂಡರೆ ಅದಕ್ಕೆ ಹೊಸ ಕೋಡ್, ಹೊಸ ಫೋಟೋ ಎರಡೂ ಬೇಕು. ಹಳೆಯ ಕೋಡ್‌ನಲ್ಲೇ ಸೇರಿಸಿದರೆ ಸಂಖ್ಯೆ ಸರಿಯಿದ್ದೂ ತಪ್ಪು ಮಾಲು ಹೋಗುತ್ತದೆ. ಕೋಡ್ ಬರೆದ ಚೀಟಿಯನ್ನು ಪ್ರತಿ ಸೀರೆಯ ಮಡಿಕೆಗೆ ಸಿಕ್ಕಿಸಿದರೆ ಎಣಿಕೆಯೂ ಪ್ಯಾಕಿಂಗೂ ಸುಲಭ.

2. ಕೈಯಿಂದ ಎಣಿಕೆ. ಲೆಕ್ಕ ಶುರುವಾಗುವುದು ಕಪಾಟಿನಿಂದ. ಹಳೆಯ ಬಿಲ್ಲುಗಳನ್ನು ಕೂಡಿಸಿ ಕಳೆದು ಸ್ಟಾಕ್ ಊಹಿಸಬಾರದು. ಅಂಗಡಿ ಮುಚ್ಚಿದ ಮೇಲೆ ಒಂದೊಂದೇ ಸೀರೆಯನ್ನು ಎಣಿಸಿ ಬರೆಯಬೇಕು. ಅಮೆಜಾನ್ ಅಥವಾ ಫ್ಲಿಪ್‌ಕಾರ್ಟ್‌ನ ಗೋದಾಮಿಗೆ ಮೊದಲೇ ಕಳಿಸಿಟ್ಟ ಮಾಲಿದ್ದರೆ ಅದನ್ನು ಈ ಎಣಿಕೆಗೆ ಸೇರಿಸಬಾರದು. ಅಲ್ಲಿರುವ ಸೀರೆಯನ್ನು ಬೆಟಗೇರಿಯ ಗಿರಾಕಿಗೆ ಕೊಡಲಾಗುವುದಿಲ್ಲವಾದ್ದರಿಂದ ಅದರ ಲೆಕ್ಕವೇ ಬೇರೆ.

3. ಮೂಲ ಲೆಕ್ಕ. ಒಂದು ಗೂಗಲ್ ಶೀಟ್ ಸಾಕು. ಪ್ರತಿ ಕೋಡ್‌ಗೆ ಒಂದು ಸಾಲು, ಆರು ಕಾಲಂ: A ಕೋಡ್, B ಅಂಗಡಿಯಲ್ಲಿ ಇರುವುದು, C ಬುಕ್ಕಾಗಿ ಇನ್ನೂ ಹೋಗದಿರುವುದು, D ತಡೆಹಿಡಿದದ್ದು, ಅಂದರೆ ಕಲೆ, ಹರಿದ ಅಂಚು, ಪರೀಕ್ಷೆಯಾಗದ ವಾಪಸ್ ಮಾಲು, E ಮೀಸಲು, F ತಾಣಗಳಲ್ಲಿ ತೋರಿಸುವ ಸಂಖ್ಯೆ. F ಅನ್ನು ಯಾರೂ ಕೈಯಿಂದ ಬರೆಯಬಾರದು. ಅದು ಸೂತ್ರದಿಂದಲೇ ಬರಬೇಕು:

```
=MAX(0, B2-C2-D2-E2)
```

ಆರ್ಡರ್ ಬಂದಾಗ C ಒಂದು ಏರುತ್ತದೆ. ಕೊರಿಯರ್‌ನವರು ಪಾರ್ಸೆಲ್ ಒಯ್ದಾಗ B ಮತ್ತು C ಎರಡೂ ಒಂದೊಂದು ಇಳಿಯುತ್ತವೆ, F ಬದಲಾಗುವುದಿಲ್ಲ. ಹಣ ಪಾವತಿ ಖಚಿತವಾಗದೆ ಅಮೆಜಾನ್‌ನಲ್ಲಿ ಪೆಂಡಿಂಗ್ ಎಂದು ಕಾಣುವ ಆರ್ಡರ್ ಕೂಡ C ಕಾಲಂಗೆ ಸೇರಬೇಕು. ಅಮೆಜಾನ್ ತನ್ನ ಲೆಕ್ಕದಲ್ಲಿ ಅದನ್ನು ಕಳೆದಿರುತ್ತದೆ. ಬೇರೆ ತಾಣಗಳಿಗೆ ಆ ಸಂಗತಿ ಗೊತ್ತಿರುವುದಿಲ್ಲ.

4. ಅಂಗಡಿಯ ಕೌಂಟರ್ ಕೂಡ ಒಂದು ತಾಣ. ಗದಗಿನ ತೋಂಟದಾರ್ಯ ಮಠದ ಜಾತ್ರೆ ಅಥವಾ ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಯ ಹೊತ್ತಿನಲ್ಲಿ ಗಿರಾಕಿಗಳ ನಡುವೆ ಶೀಟ್ ತೆರೆದು ಬರೆಯಲು ಯಾರಿಗೂ ಪುರಸೊತ್ತು ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ನೋಡಿ ಎತ್ತಿಡಲು ಹೇಳುವ ಪರಿಚಿತರ ಸೀರೆಗಳೂ ಲೆಕ್ಕಕ್ಕೆ ಬರದೆ ಉಳಿಯುತ್ತವೆ. ಇದಕ್ಕೆ ಗಟ್ಟಿಯಾದ ಉಪಾಯ, ಕೌಂಟರಿಗೆಂದು ಇಷ್ಟು ಸೀರೆ ಎಂದು ಎತ್ತಿ ಬೇರೆ ಕಪಾಟಿನಲ್ಲಿ ಇಟ್ಟು ಅವುಗಳನ್ನು B ಕಾಲಂನಿಂದಲೇ ಕಳೆದುಬಿಡುವುದು. ಹಾಗೆ ಬೇರ್ಪಡಿಸಲು ಮಾಲು ಸಾಲದಿದ್ದರೆ, ಸೀರೆಯ ಚೀಟಿಯನ್ನು ಹರಿದು ಒಂದು ಡಬ್ಬಿಗೆ ಹಾಕಿದ ಮೇಲೆಯೇ ಸೀರೆ ಗಿರಾಕಿಯ ಕೈ ಸೇರಬೇಕು. ಮುಂದಿನ ಸಲ ಲೆಕ್ಕ ಹೊಂದಿಸುವಾಗ ಡಬ್ಬಿಯಲ್ಲಿರುವ ಚೀಟಿಗಳಷ್ಟು ಸಂಖ್ಯೆ B ಕಾಲಂನಿಂದ ಇಳಿಯುತ್ತದೆ.

5. ಮೀಸಲು ಎಷ್ಟು? ಇದನ್ನು ಊಹೆಯಿಂದ ಇಡಬೇಕಾಗಿಲ್ಲ. ಎರಡು ಹೊಂದಾಣಿಕೆಗಳ ನಡುವಿನ ಅಂತರದಲ್ಲಿ, ಎಲ್ಲ ತಾಣ ಮತ್ತು ಕೌಂಟರ್ ಸೇರಿ, ಆ ಬಗೆಯ ಸೀರೆ ಅತಿ ಹೆಚ್ಚೆಂದರೆ ಎಷ್ಟು ಮಾರಾಟವಾಗಿದೆ ಎಂದು ಹಿಂದಿನ ಆರ್ಡರ್‌ಗಳಿಂದ ನೋಡಬೇಕು. ಅದರಲ್ಲಿ ಒಂದು ಕಳೆದರೆ ಮೀಸಲು ಸಿಗುತ್ತದೆ. ಕಾರಣ ಸರಳ. ಒಂದು ಅಂತರದಲ್ಲಿ 4 ಸೀರೆ ಹೋಗಬಹುದು ಎಂದಾದರೆ, ಕೈಯಲ್ಲಿ ಕನಿಷ್ಠ 4 ಇದ್ದಾಗ ಮಾತ್ರ ಎಲ್ಲ ತಾಣಗಳಲ್ಲೂ ಮಾರಾಟ ತೆರೆದಿರುವುದು ಕ್ಷೇಮ. ಮೀಸಲು 3 ಇದ್ದರೆ, ಕೈಯಲ್ಲಿ 4 ಇರುವಾಗ ಪ್ರತಿ ತಾಣದಲ್ಲೂ 1 ಕಾಣುತ್ತದೆ; 3ಕ್ಕೆ ಇಳಿದ ಕೂಡಲೇ ಎಲ್ಲೆಡೆ 0 ಆಗುತ್ತದೆ. ಅಂತರ ಕಡಿಮೆಯಾದರೆ ಅದರಲ್ಲಿ ಬರುವ ಆರ್ಡರ್ ಕಡಿಮೆ, ಹೀಗಾಗಿ ಮೀಸಲೂ ಕಡಿಮೆ. ತಾಣಗಳ ಹಬ್ಬದ ಮಾರಾಟದ ದಿನಗಳಲ್ಲಿ ಮಾತ್ರ ಹಳೆಯ ಲೆಕ್ಕ ನಡೆಯುವುದಿಲ್ಲ. ಆಗ ಮೀಸಲು ಹೆಚ್ಚಿಸಬೇಕು ಅಥವಾ ದಿನಕ್ಕೆ ಹೆಚ್ಚು ಸಲ ಲೆಕ್ಕ ಹೊಂದಿಸಬೇಕು.

6. ಮೊದಲು ಆರ್ಡರ್, ಆಮೇಲೆ ಸಂಖ್ಯೆ. ಪ್ರತಿ ಸಲ ಲೆಕ್ಕ ಹೊಂದಿಸುವಾಗ ಕ್ರಮ ಬದಲಾಗಬಾರದು. ಮೊದಲು ಎಲ್ಲ ತಾಣಗಳ ಹೊಸ ಆರ್ಡರ್, ರದ್ದತಿಗಳನ್ನು ನೋಡಿ C ಕಾಲಂ ಸರಿಪಡಿಸಬೇಕು. ನಂತರ ಕೌಂಟರ್ ಚೀಟಿಗಳನ್ನು B ಕಾಲಂನಲ್ಲಿ ಕಳೆಯಬೇಕು. ಕೊನೆಗೆ F ಸಂಖ್ಯೆಯನ್ನು ಎಲ್ಲ ತಾಣಗಳಿಗೆ ಹಾಕಬೇಕು. ತಾಣಗಳಿಂದ ಶೀಟ್‌ಗೆ ಬರಬೇಕಾದದ್ದು ಆರ್ಡರ್ ಮಾತ್ರ, ಶೀಟ್‌ನಿಂದ ತಾಣಗಳಿಗೆ ಹೋಗಬೇಕಾದದ್ದು ಸಂಖ್ಯೆ ಮಾತ್ರ. ಬೆಳಿಗ್ಗೆ ತಯಾರಿಸಿದ ಫೈಲನ್ನು ಮಧ್ಯಾಹ್ನ ಅಪ್‌ಲೋಡ್ ಮಾಡಿದರೆ, ಆ ನಡುವೆ ಮಾರಾಟವಾಗಿ ತಾಣವೇ ಇಳಿಸಿಕೊಂಡಿದ್ದ ಸಂಖ್ಯೆ ಮತ್ತೆ ಮೇಲೇರುತ್ತದೆ. ಮಾರಿದ ಸೀರೆಯೇ ಮತ್ತೆ ಮಾರಾಟಕ್ಕೆ ಬರುವುದು ಹೀಗೆ.

7. ಹಾಕಿದ ಸಂಖ್ಯೆ ಸೇರಿತೇ ಎಂದು ನೋಡುವುದು. ಫೈಲ್ ಅಪ್‌ಲೋಡ್ ಆದ ಮಾತ್ರಕ್ಕೆ ಸಂಖ್ಯೆ ಬದಲಾಯಿತು ಎಂದಲ್ಲ. ಕೋಡ್‌ನಲ್ಲಿ ಒಂದು ಖಾಲಿ ಜಾಗ ಹೆಚ್ಚಿದ್ದರೂ ತಾಣ ಆ ಸಾಲನ್ನು ತಿರಸ್ಕರಿಸಿ ಉಳಿದವನ್ನು ಮಾತ್ರ ಸ್ವೀಕರಿಸಬಹುದು. ಅಪ್‌ಲೋಡ್ ನಂತರ ಬರುವ ವರದಿಯಲ್ಲಿ ದೋಷವಿರುವ ಸಾಲುಗಳನ್ನು ಓದಬೇಕು. ಸ್ಟಾಕ್ ಕಡಿಮೆ ಇರುವ ನಾಲ್ಕಾರು ಕೋಡ್‌ಗಳನ್ನು ಪ್ರತಿ ತಾಣದಲ್ಲೂ ತೆರೆದು ನೋಡುವುದು ಒಳ್ಳೆಯದು.

ಒಂದು ದಿನದ ಲೆಕ್ಕ

ಬೆಟಗೇರಿಯ ಒಂದು ಸೀರೆ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೂರು ತಾಣ ಮತ್ತು ಕೌಂಟರ್ ಇದ್ದು, ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 9ಕ್ಕೆ ಲೆಕ್ಕ ಹೊಂದಿಸುತ್ತಾರೆ. ಮರೂನ್ ಸೀರೆ ಒಂದು ಅಂತರದಲ್ಲಿ ಅತಿ ಹೆಚ್ಚೆಂದರೆ 4 ಮಾರಾಟವಾಗಿದೆ. ಆದ್ದರಿಂದ ಮೀಸಲು 3.

ಬೆಳಿಗ್ಗೆ 8ಕ್ಕೆ ಅಂಗಡಿಯಲ್ಲಿ 12 ಸೀರೆ. ಅವುಗಳಲ್ಲಿ 2 ಪ್ಯಾಕ್ ಆಗಿ ಕೊರಿಯರ್‌ಗೆ ಕಾಯುತ್ತಿವೆ, 1 ಕಲೆಯಾಗಿ ವಾಪಸ್ ಬಂದದ್ದು. ನಿಜವಾಗಿ ಮಾರಬಹುದಾದವು 9. ಮೀಸಲು 3 ಕಳೆದು ಮೂರೂ ತಾಣಗಳಲ್ಲಿ 6 ಎಂದು ಹಾಕಲಾಗುತ್ತದೆ.

ಮಧ್ಯಾಹ್ನ 2ರ ಹೊತ್ತಿಗೆ ಅಮೆಜಾನ್‌ನಲ್ಲಿ 1, ಫ್ಲಿಪ್‌ಕಾರ್ಟ್‌ನಲ್ಲಿ 2, ಕೌಂಟರಿನಲ್ಲಿ 1 ಹೋಗಿವೆ. ಪ್ಯಾಕ್ ಆಗಿದ್ದ 2 ಪಾರ್ಸೆಲ್‌ಗಳನ್ನು ಕೊರಿಯರ್‌ನವರು ಒಯ್ದಿದ್ದಾರೆ. ಈಗ B ಕಾಲಂನಲ್ಲಿ 9, C ಕಾಲಂನಲ್ಲಿ 3, D ಕಾಲಂನಲ್ಲಿ 1. ಮಾರಬಹುದಾದವು 5. ಆದರೆ ಈ ಗಳಿಗೆಯಲ್ಲಿ ಅಮೆಜಾನ್ 5, ಫ್ಲಿಪ್‌ಕಾರ್ಟ್ 4, ಮೀಶೋ 6 ಎಂದು ತೋರಿಸುತ್ತಿವೆ. 5 ಸೀರೆಗೆ 15 ಮಾತು. ಪ್ರತಿಯೊಂದು ತಾಣವೂ ತನ್ನ ಆರ್ಡರನ್ನು ಸರಿಯಾಗಿಯೇ ಕಳೆದಿದೆ. ಉಳಿದವರ ಆರ್ಡರ್ ಅದಕ್ಕೆ ತಿಳಿದಿಲ್ಲ ಅಷ್ಟೆ. ಸೂತ್ರದ ಪ್ರಕಾರ ಎಲ್ಲ ಕಡೆ 2 ಎಂದು ಹಾಕಿದಾಗ ಮಾತುಗಳ ಸಂಖ್ಯೆ 6ಕ್ಕೆ ಇಳಿಯುತ್ತದೆ. ಒಂದು ಅಂತರದಲ್ಲಿ 4ಕ್ಕಿಂತ ಹೆಚ್ಚು ಹೋಗದಿರುವವರೆಗೆ 5 ಸೀರೆ ಸಾಕು.

ರಾತ್ರಿ 9ಕ್ಕೆ ಫ್ಲಿಪ್‌ಕಾರ್ಟ್ ಮತ್ತು ಮೀಶೋದಲ್ಲಿ ಒಂದೊಂದು ಹೋಗಿ 3 ಉಳಿದಿವೆ. ಸೂತ್ರ 0 ಎನ್ನುತ್ತದೆ. ಉಳಿದ ಮೂರನ್ನು ಸುಮ್ಮನೆ ಇಟ್ಟುಕೊಳ್ಳಬೇಕಿಲ್ಲ; ಅವುಗಳನ್ನು ಒಂದೇ ತಾಣದಲ್ಲಿ ಮಾರಬಹುದು, ಏಕೆಂದರೆ ಒಂದೇ ತಾಣವಾದರೆ ಅಂತರದ ತೊಂದರೆಯೇ ಇಲ್ಲ. ಆದರೆ ಇಲ್ಲಿ ಆತುರ ಸಲ್ಲದು. ಮೊದಲು ಮೂರೂ ತಾಣಗಳಲ್ಲಿ 0 ಹಾಕಬೇಕು. ಅದು ಕಾಣತೊಡಗಿದ ಮೇಲೆ ಇನ್ನೊಮ್ಮೆ ಆರ್ಡರ್ ನೋಡಬೇಕು. ನಡುವೆ ಯಾವುದೂ ಬಂದಿಲ್ಲವೆಂದಾದರೆ ಕೌಂಟರಿನಿಂದಲೂ ಆ ಸೀರೆಗಳನ್ನು ಎತ್ತಿಟ್ಟು, ಆಯ್ದ ಒಂದು ತಾಣದಲ್ಲಿ 3 ಎಂದು ಹಾಕಬೇಕು.

ಕಸೂತಿ ಹಾಕಿದ ಸೀರೆಯಂಥ ಒಂದೇ ಪ್ರತಿಯ ಮಾಲಿಗೂ ಇದೇ ನಿಯಮ. ಅದನ್ನು ಒಂದು ತಾಣದಲ್ಲಷ್ಟೇ ಇಡಬೇಕು. ಕೆಲವು ವಾರ ಮಾರಾಟವಾಗದಿದ್ದರೆ ಅಲ್ಲಿ ತೆಗೆದು ಇನ್ನೊಂದಕ್ಕೆ ಹಾಕಬಹುದು.

ತೂಕದ ಮಾಲಿಗೆ: ಒಂದೇ ಚೀಲ, ಎರಡು ಪೊಟ್ಟಣ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಬ್ಯಾಡಗಿ ಮೆಣಸಿನಕಾಯಿಯಂಥ ಮಾಲನ್ನು ಆನ್‌ಲೈನ್‌ನಲ್ಲಿ ಮಾರುವವರಿಗೆ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. 20 ಕೆ.ಜಿ. ಮೆಣಸಿನಕಾಯಿಯನ್ನು 250 ಗ್ರಾಂ ಪೊಟ್ಟಣ 80, 1 ಕೆ.ಜಿ. ಪೊಟ್ಟಣ 20 ಎಂದು ಹಾಕಿದರೆ ಒಂದೇ ತಾಣದಲ್ಲೇ 40 ಕೆ.ಜಿ.ಗೆ ಮಾತು ಕೊಟ್ಟಂತಾಯಿತು. ಇಲ್ಲಿ ಮೂಲ ಲೆಕ್ಕ ಪೊಟ್ಟಣದಲ್ಲಿರದೆ ಕಿಲೋದಲ್ಲಿರಬೇಕು. B, C, D, E ಎಲ್ಲವನ್ನೂ ಕಿಲೋದಲ್ಲಿ ಬರೆದು F ಅನ್ನು ಪೊಟ್ಟಣದ ತೂಕದಿಂದ ಭಾಗಿಸಬೇಕು:

```
=INT(F2/0.25)
=INT(F2/1)
```

ಮೀಸಲು 2 ಕೆ.ಜಿ. ಎಂದಿಟ್ಟರೆ ಉಳಿದ 18 ಕೆ.ಜಿ.ಗೆ 250 ಗ್ರಾಂ ಪೊಟ್ಟಣ 72, 1 ಕೆ.ಜಿ. ಪೊಟ್ಟಣ 18 ಎಂದು ಕಾಣುತ್ತದೆ. 1 ಕೆ.ಜಿ.ಯ 6 ಪೊಟ್ಟಣ ಮಾರಾಟವಾದರೆ ಮುಂದಿನ ಹೊಂದಾಣಿಕೆಯಲ್ಲಿ ಅವು 48 ಮತ್ತು 12ಕ್ಕೆ ಇಳಿಯುತ್ತವೆ. ಒಂದೇ ಮಾಲಿಗೆ ಎರಡು ಸಂಖ್ಯೆ ಇರುವುದರಿಂದ ಇಲ್ಲಿ ಒಂದೇ ತಾಣದಲ್ಲಿ ಮಾರಿದರೂ ಲೆಕ್ಕ ಹೊಂದಿಸಲೇಬೇಕು. ಈ ಕ್ರಮ ನಡೆಯುವುದು ಆರ್ಡರ್ ಬಂದ ಮೇಲೆ ಪೊಟ್ಟಣ ಕಟ್ಟುವವರಿಗೆ ಮಾತ್ರ. ಮೊದಲೇ ಕಟ್ಟಿಟ್ಟಿದ್ದರೆ ಪ್ರತಿ ಅಳತೆಯ ಪೊಟ್ಟಣವೂ ಬೇರೆ ಮಾಲು, ಬೇರೆ ಸಾಲು. ತೇವ ಆರಿ ಮೆಣಸಿನಕಾಯಿಯ ತೂಕ ಇಳಿಯುವುದರಿಂದ ಆಗಾಗ ಚೀಲವನ್ನು ತೂಗಿ B ಸರಿಪಡಿಸಬೇಕು.

ಸಾಫ್ಟ್‌ವೇರ್ ಯಾವಾಗ ಬೇಕು

ಹತ್ತಾರು ಕೋಡ್, ದಿನಕ್ಕೆ ಬೆರಳೆಣಿಕೆಯ ಆರ್ಡರ್ ಇರುವವರೆಗೆ ಶೀಟ್ ಸಾಕು. ದಿನಕ್ಕೆ ಮೂರು ಸಲ ಲೆಕ್ಕ ಹೊಂದಿಸಲು ಕೂತವರು ಪ್ಯಾಕಿಂಗ್‌ಗೆ ಸಿಗದಂತಾದಾಗ ಅಥವಾ ಮೀಸಲಿನಲ್ಲೇ ಅರ್ಧ ಮಾಲು ಕುಳಿತಾಗ ಸಾಫ್ಟ್‌ವೇರ್ ಉಪಯುಕ್ತ. ಯೂನಿಕಾಮರ್ಸ್, ಬ್ರೌನ್‌ಟೇಪ್, ವಿನ್‌ಕ್ಯುಲಮ್‌ನಂಥ ಭಾರತದ ಸೇವೆಗಳು ಇದೇ ಕೆಲಸಕ್ಕಿವೆ. ಅವು ತಾಣಗಳಿಂದ ಆರ್ಡರ್ ಎಳೆದು, ಹೊಸ ಸಂಖ್ಯೆಯನ್ನು ತಾವೇ ಎಲ್ಲ ಕಡೆ ಕಳಿಸುತ್ತವೆ.

ಹಣ ಕಟ್ಟುವ ಮೊದಲು ನಾಲ್ಕು ವಿಷಯ ತಿಳಿದುಕೊಳ್ಳಬೇಕು. ಅಂಗಡಿ ಬಳಸುವ ಎಲ್ಲ ತಾಣಗಳಿಗೂ ಅದು ಸೇರುತ್ತದೆಯೇ? ಸಂಖ್ಯೆ ಕಳಿಸಲು ಎಷ್ಟು ನಿಮಿಷ ತೆಗೆದುಕೊಳ್ಳುತ್ತದೆ? ಕೋಡ್‌ವಾರು ಮೀಸಲು ಇಡಬಹುದೇ? ಕೌಂಟರ್ ಮಾರಾಟವನ್ನು ಮೊಬೈಲ್‌ನಿಂದಲೇ ನಮೂದಿಸಬಹುದೇ? ಎರಡನೆಯದನ್ನು ಸಾಫ್ಟ್‌ವೇರ್ ಮಾರುವವರ ಮಾತಿನಿಂದಲ್ಲ, ಪರೀಕ್ಷೆಯಿಂದ ತಿಳಿಯಬೇಕು. ಒಂದು ಕೋಡ್‌ನ ಸಂಖ್ಯೆ ಬದಲಿಸಿ, ಪ್ರತಿ ತಾಣದಲ್ಲಿ ಅದು ಕಾಣಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆಯಬೇಕು. ಅತಿ ನಿಧಾನವಾದ ತಾಣದ ಸಮಯವೇ ಆ ಅಂಗಡಿಯ ಅಂತರ. ಮೀಸಲು ಅದರ ಮೇಲೆ ನಿಲ್ಲುತ್ತದೆ. ಸಾಫ್ಟ್‌ವೇರ್ ಬಂದ ಮೇಲೆ ತಾಣದೊಳಗೆ ಹೋಗಿ ಕೈಯಿಂದ ಸಂಖ್ಯೆ ಬದಲಿಸುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಎರಡು ಮೂಲ ಲೆಕ್ಕ ಹುಟ್ಟುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ವಾಪಸ್ ಮಾಲನ್ನು ಕೂಡಲೇ ಸ್ಟಾಕ್‌ಗೆ ಸೇರಿಸುವುದು. ಗಿರಾಕಿ ವಾಪಸ್ ಕೋರಿದ ದಿನ ಸೀರೆ ಇನ್ನೂ ಅವರ ಮನೆಯಲ್ಲೇ ಇರುತ್ತದೆ. ಅದು ಅಂಗಡಿಗೆ ಬಂದು, ಬಿಚ್ಚಿ ನೋಡಿ, ಅದೇ ಸೀರೆ, ಕಲೆಯಿಲ್ಲ ಎಂದು ಖಚಿತವಾಗುವವರೆಗೆ D ಕಾಲಂ ದಾಟಬಾರದು.
- ಒಂದೇ ಸೀರೆಗೆ ಒಂದೇ ತಾಣದಲ್ಲಿ ಎರಡು ಪುಟ. ಹೆಚ್ಚು ಜನಕ್ಕೆ ಕಾಣಲೆಂದು ಬೇರೆ ಕೋಡ್‌ನಲ್ಲಿ ಮತ್ತೆ ಹಾಕಿದರೆ ಲೆಕ್ಕದಲ್ಲಿ ಇನ್ನೊಂದು ತಾಣ ಸೇರಿದಂತೆ.
- ಆರ್ಡರ್ ಬಂದ ಸೀರೆಯನ್ನು ಕಪಾಟಿನಲ್ಲೇ ಬಿಡುವುದು. ಶೀಟ್‌ನಲ್ಲಿ ಬುಕ್ಕಾಗಿದ್ದರೂ ಕೌಂಟರಿನಲ್ಲಿರುವವರಿಗೆ ಅದು ಗೊತ್ತಾಗುವುದಿಲ್ಲ. ಆರ್ಡರ್ ಕಂಡ ಕೂಡಲೇ ಸೀರೆ ಪ್ಯಾಕಿಂಗ್ ಮೇಜಿಗೆ ಬರಬೇಕು.
- ಮಗ್ಗದ ಮೇಲಿರುವ ಸೀರೆಯನ್ನು ಲೆಕ್ಕಕ್ಕೆ ಹಿಡಿಯುವುದು. ಇಳಿದು, ಮಡಿಚಿ, ಚೀಟಿ ಹಾಕಿದ ಸೀರೆ ಮಾತ್ರ B ಕಾಲಂಗೆ ಸೇರಬೇಕು.
- ಊರಿಗೆ ಹೋಗುವಾಗ ತಾಣಗಳನ್ನು ತೆರೆದಿಡುವುದು. ಲೆಕ್ಕ ಹೊಂದಿಸುವವರು ಇರದ ದಿನಗಳೂ ಒಂದು ದೊಡ್ಡ ಅಂತರವೇ. ಹೊರಡುವ ಮೊದಲು ಸಂಖ್ಯೆಗಳನ್ನು 0 ಮಾಡಬೇಕು, ಇಲ್ಲವೇ ಮಾಲನ್ನು ಒಂದೇ ತಾಣಕ್ಕೆ ಸೀಮಿತಗೊಳಿಸಬೇಕು.

ಲೆಕ್ಕ ತಪ್ಪುತ್ತಿರುವ ಗುರುತು

B ಯಿಂದ C ಮತ್ತು D ಕಳೆದಾಗ ಉತ್ತರ ಸೊನ್ನೆಗಿಂತ ಕೆಳಗಿಳಿದರೆ ಇಲ್ಲದ ಮಾಲು ಈಗಾಗಲೇ ಮಾರಾಟವಾಗಿದೆ. F ಸೂತ್ರ ಸೊನ್ನೆಯಲ್ಲೇ ನಿಲ್ಲುವುದರಿಂದ ಅದರಲ್ಲಿ ಇದು ಕಾಣುವುದಿಲ್ಲ. `=B2-C2-D2` ಎಂಬ ಇನ್ನೊಂದು ಕಾಲಂ ಇಟ್ಟು, ಋಣ ಸಂಖ್ಯೆ ಕೆಂಪಾಗಿ ಕಾಣುವಂತೆ ಮಾಡಬೇಕು. ಇದರ ಜೊತೆಗೆ ವಾರಕ್ಕೊಮ್ಮೆ, ವೇಗವಾಗಿ ಮಾರಾಟವಾಗುವ ಹತ್ತು ಕೋಡ್‌ಗಳನ್ನು ಕಪಾಟು, ಪ್ಯಾಕಿಂಗ್ ಮೇಜು ಎರಡರಲ್ಲೂ ಎಣಿಸಿ B ಕಾಲಂ ಜೊತೆ ಹೋಲಿಸಬೇಕು. ಎಣಿಕೆ ಕಡಿಮೆಯಿದ್ದರೆ ಕೌಂಟರ್ ಚೀಟಿ ತಪ್ಪಿರುವ ಸಂಭವ ಹೆಚ್ಚು. ಹೆಚ್ಚಿದ್ದರೆ ವಾಪಸ್ ಬಂದ ಸೀರೆ ಲೆಕ್ಕಕ್ಕೆ ಸೇರದಿರುವ ಸಂಭವ ಹೆಚ್ಚು. ಸಂಖ್ಯೆ ತಿದ್ದಿದರಷ್ಟೇ ಸಾಲದು; ಎಲ್ಲಿ ತಪ್ಪಿತು ಎಂಬುದನ್ನೂ ಪಕ್ಕದಲ್ಲಿ ಬರೆದರೆ ಅದೇ ತಪ್ಪು ಮರುಕಳಿಸುವುದು ಕಣ್ಣಿಗೆ ಬೀಳುತ್ತದೆ.

ಇಲ್ಲದ ಸೀರೆಗೆ ಆರ್ಡರ್ ಬಂದೇಬಿಟ್ಟರೆ

1. ಆ ಕೋಡ್ ಎಲ್ಲ ತಾಣಗಳಲ್ಲೂ ತಕ್ಷಣ 0 ಆಗಬೇಕು. ಇನ್ನೊಂದು ಆರ್ಡರ್ ಸೇರಿಕೊಳ್ಳದಂತೆ ತಡೆಯುವುದೇ ಮೊದಲ ಕೆಲಸ.
2. ಕೌಂಟರ್ ಕಪಾಟು, ಪ್ಯಾಕಿಂಗ್ ಮೇಜು, D ಕಾಲಂನಲ್ಲಿರುವ ವಾಪಸ್ ಮಾಲು ಇವನ್ನೆಲ್ಲ ಹುಡುಕಬೇಕು. ಪರೀಕ್ಷೆಗೆ ಬಾಕಿಯಿರುವ ಸೀರೆ ಚೆನ್ನಾಗಿಯೇ ಇರಬಹುದು.
3. ಅದೇ ನೂಲಿನ ಬ್ಯಾಚ್‌ನ ಸೀರೆ ನೇಕಾರರ ಮನೆಯಲ್ಲಿದ್ದು, ಕಳಿಸಬೇಕಾದ ಗಡುವಿನೊಳಗೆ ಕೈಗೆ ಸಿಗುವುದಾದರೆ ಮಾತ್ರ ತರಿಸಬೇಕು.
4. ಸಿಗದಿದ್ದರೆ ಆರ್ಡರನ್ನು ಅದೇ ದಿನ, ಸ್ಟಾಕ್ ಇಲ್ಲ ಎಂಬ ನಿಜವಾದ ಕಾರಣ ಕೊಟ್ಟು ರದ್ದು ಮಾಡಬೇಕು. ಬೇರೆ ಬಣ್ಣದ ಸೀರೆ ಕಳಿಸಬಾರದು. ಅದು ವಾಪಸ್ ಬರುತ್ತದೆ, ಎರಡೂ ಕಡೆಯ ಸಾಗಣೆಯ ಭಾರ ಬೀಳುತ್ತದೆ, ಗಿರಾಕಿಯ ದೂರೂ ದಾಖಲಾಗುತ್ತದೆ.
5. ಆ ಅಂತರದಲ್ಲಿ ಎಷ್ಟು ಸೀರೆ ಹೋದವು ಎಂದು ಎಣಿಸಿ, ಹಿಂದಿನ ಗರಿಷ್ಠಕ್ಕಿಂತ ಹೆಚ್ಚಿದ್ದರೆ ಆ ಕೋಡ್‌ನ ಮೀಸಲನ್ನು ಹೊಸ ಸಂಖ್ಯೆಗೆ ತಕ್ಕಂತೆ ಏರಿಸಬೇಕು. ಗರಿಷ್ಠದೊಳಗೇ ಇದ್ದರೆ ಮೀಸಲು ಸರಿಯಿದೆ. ತಪ್ಪು ಎಣಿಕೆಯಲ್ಲೋ ಕೌಂಟರ್ ಚೀಟಿಯಲ್ಲೋ ಹೊಂದಾಣಿಕೆಯ ಕ್ರಮದಲ್ಲೋ ಇದೆ, ಅದನ್ನು ಅಲ್ಲೇ ಹುಡುಕಬೇಕು.